ಎಸ್-ಎ-ಐ-ಡಿ ‘ಸೆಡ್’: ಇಂಗ್ಲಿಷಿನ ಸೊಟ್ಟ ಪದಗಳನ್ನು ಮಕ್ಕಳಿಗೆ ಓದಿಸುವ ಬಗೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿನಿ. ಈಗ ಪ್ರಾಥಮಿಕ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಓದುವುದನ್ನು ಕಲಿಸುತ್ತಿದ್ದೇನೆ. ಪ್ರೌಢಶಾಲೆಯ ಹಬ್ಬದಲ್ಲಿ ಒಂದನೇ ತರಗತಿಯ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಇಲ್ಲಿಯ ಗುರುಗಳಿಗೆ ಗೊತ್ತು. ಎಂಟನೇ ತರಗತಿಗೆ ಬರುವ ಮಕ್ಕಳಲ್ಲಿ ಕೆಲವರ ಅಕ್ಷರ ಮುತ್ತಿನಂತಿರುತ್ತದೆ. ಕರಿಹಲಗೆಯ ಮೇಲಿದ್ದದ್ದನ್ನು ಒಂದು ತಪ್ಪಿಲ್ಲದೆ ನಕಲು ಮಾಡುತ್ತಾರೆ. ಅದನ್ನೇ ಓದು ಎಂದರೆ ತಲೆ ತಗ್ಗಿಸುತ್ತಾರೆ. ಪುಸ್ತಕ ತೆರೆದು ನೋಡಿದರೆ ಪ್ರತಿ ಇಂಗ್ಲಿಷ್ ಪದದ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಬರೆದಿರುತ್ತದೆ. ಆ ಮಗು ಓದುತ್ತಿರುವುದು ಪೆನ್ಸಿಲಿನ ಕನ್ನಡವನ್ನೇ ಹೊರತು ಅಚ್ಚಾದ ಇಂಗ್ಲಿಷನ್ನಲ್ಲ. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯ ಮೇಲೆ ಪೆನ್ಸಿಲಿನ ಕನ್ನಡ ಇರುವುದಿಲ್ಲ. ಅಲ್ಲಿ ಆ ಮಗು ಒಂಟಿಯಾಗುತ್ತದೆ.

ನಾವು ಓದುವಾಗ ಐದನೇ ತರಗತಿಯಲ್ಲಿ ಎ ಬಿ ಸಿ ಡಿ ಶುರುವಾಗುತ್ತಿತ್ತು. 2007ರಿಂದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ವರ್ಷಗಳೇನೋ ಹೆಚ್ಚಾದವು. ಆದರೆ ಮಗು ಎಡವುವ ಜಾಗ ಮಾತ್ರ ಬದಲಾಗಿಲ್ಲ. ಆ ಜಾಗವೇ ಇಂದಿನ ನನ್ನ ವಿಷಯ.

ನಮ್ಮ ಮಗು ಮೊದಲು ಕನ್ನಡ ಓದಲು ಕಲಿಯುತ್ತದೆ. ನಲಿ-ಕಲಿಯಲ್ಲಿ ರ ಗ ಸ ದ ಅ ಎಂದು ಆರಂಭಿಸಿ ‘ಸರ’, ‘ಗರಗಸ’ ಎಂದು ಓದಿಬಿಡುತ್ತದೆ. ಅಲ್ಲಿ ‘ಗ’ ಎಂದರೆ ಎಂದೆಂದಿಗೂ ‘ಗ’. ಅಕ್ಷರ ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂಬ ನಂಬಿಕೆ ಮಗುವಿನ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಅದೇ ನಂಬಿಕೆಯಿಂದ ಇಂಗ್ಲಿಷಿಗೆ ಬಂದಾಗ ಎಸ್-ಎ-ಐ-ಡಿ ‘ಸೈಡ್’ ಆಗುತ್ತದೆ, ಓ-ಎನ್-ಇ ‘ಓನೆ’ ಆಗುತ್ತದೆ, ಸಿ-ಓ-ಎಂ-ಇ ‘ಕೋಮೆ’ ಆಗುತ್ತದೆ. ಇದು ದಡ್ಡತನವಲ್ಲ. ಕನ್ನಡವನ್ನು ಚೆನ್ನಾಗಿ ಕಲಿತ ಮಗುವೇ ಹೀಗೆ ಓದುವುದು.

ಇಂಗ್ಲಿಷ್ ಹೀಗೇಕೆ ಎಂದು ಮಕ್ಕಳು ಕೇಳುತ್ತಾರೆ. ಕೇಳಿದಾಗ ಉತ್ತರ ಹೇಳಬೇಕು. ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಎಂಬಾತ 1476ರಲ್ಲಿ ಮುದ್ರಣಾಲಯ ತೆರೆದ. ಅಲ್ಲಿಂದ ಮುಂದೆ ನಿಧಾನವಾಗಿ ಪದಗಳ ಬರಹ ಒಂದು ರೂಪಕ್ಕೆ ನಿಂತಿತು. ಜನರ ನಾಲಿಗೆ ಮಾತ್ರ ನಿಲ್ಲಲಿಲ್ಲ. ‘ಟೂ’ ಎಂಬ ಎರಡರ ನಡುವೆ ಇರುವ ಡಬ್ಲ್ಯೂವನ್ನು ಹಿಂದೆ ಉಚ್ಚರಿಸುತ್ತಿದ್ದರು. ‘ಟ್ವೆಲ್ವ್’, ‘ಟ್ವೆಂಟಿ’ಗಳಲ್ಲಿ ಅದು ಇಂದಿಗೂ ಕೇಳಿಸುತ್ತದೆ. ನಮ್ಮಲ್ಲೂ ಹಾಗೇ ತಾನೆ? ‘ಬರುತ್ತೇನೆ’ ಎಂದು ಬರೆಯುತ್ತೇವೆ, ‘ಬತ್ತೀನಿ’ ಅನ್ನುತ್ತೇವೆ. ‘ಚಿಹ್ನೆ’, ‘ಮಧ್ಯಾಹ್ನ’ ಎಂಬಲ್ಲಿ ಹಕಾರ ಮೊದಲು ಬರೆದು, ಬಾಯಲ್ಲಿ ನಕಾರವನ್ನು ಮೊದಲು ತರುತ್ತೇವೆ. ಕನ್ನಡದಲ್ಲಿ ಇಂಥವು ಬೆರಳೆಣಿಕೆಯಷ್ಟು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಸುವ ಪುಟ್ಟ ಪದಗಳಲ್ಲೇ ಇಂಥವು ತುಂಬಿವೆ. ತೊಂದರೆ ಇರುವುದು ಅಲ್ಲಿ.

ಈ ಪುಟ್ಟ ಪದಗಳ ಒಂದು ಪಟ್ಟಿಯನ್ನು ಅಮೆರಿಕದ ಎಡ್ವರ್ಡ್ ಡಾಲ್ಚ್ ಎಂಬ ಪ್ರಾಧ್ಯಾಪಕರು 1936ರಲ್ಲಿ ಪ್ರಕಟಿಸಿದರು. ಅದರಲ್ಲಿ 220 ಪದಗಳಿವೆ. ವಸ್ತುಗಳ ಹೆಸರು ಅದರಲ್ಲಿ ಇಲ್ಲ. ‘ದಿ’, ‘ಆಫ್’, ‘ವಾಸ್’, ‘ಸೆಡ್’, ‘ದೇರ್’, ‘ಕಮ್’ ಇಂಥವೇ. ನೋಡಿದ ಕೂಡಲೇ ಓದಬೇಕಾದ ಪದಗಳಾದ್ದರಿಂದ ಇವಕ್ಕೆ ಸೈಟ್ ವರ್ಡ್ಸ್ ಎಂಬ ಹೆಸರು ಬಂತು. ಇವುಗಳ ಫ್ಲ್ಯಾಶ್ ಕಾರ್ಡುಗಳು ಈಗ ಪೇಟೆಯಲ್ಲಿ ಡಬ್ಬಿಗಟ್ಟಲೆ ಸಿಗುತ್ತವೆ.

ಆ ಡಬ್ಬಿಯನ್ನು ಕೊಂಡು ಒಂದೊಂದೇ ಕಾರ್ಡು ತೋರಿಸಿ ‘ಇದು ಸೆಡ್, ಇದು ವಾಸ್’ ಎಂದು ಬಾಯಿಪಾಠ ಮಾಡಿಸುವುದು ಸಾಮಾನ್ಯ ಪದ್ಧತಿ. ಪದವನ್ನು ಚಿತ್ರದಂತೆ ಇಡಿಯಾಗಿ ನೆನಪಿಟ್ಟುಕೋ ಎನ್ನುವುದೇ ಅದರ ಅರ್ಥ. ಮೊದಲ ಇಪ್ಪತ್ತು ಮೂವತ್ತು ಪದಗಳವರೆಗೆ ಇದು ನಡೆಯುತ್ತದೆ. ಆಮೇಲೆ ಒಂದರ ರೂಪ ಇನ್ನೊಂದರ ಮೇಲೆ ಬೀಳುತ್ತದೆ. ‘ದೇರ್’, ‘ವೇರ್’, ‘ಹಿಯರ್’ ಮೂರೂ ಒಂದೇ ರೀತಿ ಕಾಣತೊಡಗುತ್ತವೆ. ಓದುವ ಬಗೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಲಿನಿಯಾ ಏರಿ ಎಂಬ ಸಂಶೋಧಕಿ ತೋರಿಸಿಕೊಟ್ಟದ್ದು ಇಷ್ಟು: ಪದ ಮನಸ್ಸಿನಲ್ಲಿ ನಿಲ್ಲುವುದು ಚಿತ್ರವಾಗಿ ಅಲ್ಲ. ಅದರ ಒಂದೊಂದು ಅಕ್ಷರವೂ ಒಂದೊಂದು ಧ್ವನಿಗೆ ಗಂಟು ಬಿದ್ದಾಗ ಅದು ನಿಲ್ಲುತ್ತದೆ. ಸೊಟ್ಟ ಪದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಏಕೆಂದರೆ ಯಾವ ಪದವೂ ಪೂರ್ತಿ ಸೊಟ್ಟಗಿರುವುದಿಲ್ಲ. ‘ಸೆಡ್’ ಪದದಲ್ಲಿ ಎಸ್ ಸರಿಯಾಗಿದೆ, ಡಿ ಸರಿಯಾಗಿದೆ. ಸೊಟ್ಟಗಿರುವುದು ನಡುವಿನ ಎ-ಐ ಮಾತ್ರ. ನಾನು ಇಂದು ಹೇಳಬೇಕೆಂದಿರುವುದರ ಸಾರವೂ ಇದೇ. ಮಗುವಿಗೆ ಇಡೀ ಪದವನ್ನು ಬಾಯಿಪಾಠ ಮಾಡಿಸಬೇಡಿ, ಸೊಟ್ಟಗಿರುವ ತುಂಡನ್ನು ಬೆರಳಿಟ್ಟು ತೋರಿಸಿ.

ಆದ್ದರಿಂದ ಮೊದಲ ಕೆಲಸ ಪಟ್ಟಿಯನ್ನು ಹಸನು ಮಾಡುವುದು, ರಾಗಿಯಿಂದ ಕಲ್ಲು ಆರಿಸಿದಂತೆ. ಡಾಲ್ಚ್ ಪಟ್ಟಿಯಲ್ಲಿ ‘ಇನ್’, ‘ಇಟ್’, ‘ಆ್ಯಂಡ್’, ‘ಗೆಟ್’, ‘ರನ್’, ‘ಡಿಡ್’ ಮುಂತಾದವು ನೆಟ್ಟನೆಯ ಪದಗಳು. ಅಕ್ಷರದ ಧ್ವನಿ ಗೊತ್ತಿದ್ದರೆ ಮಗು ತಾನೇ ಕೂಡಿಸಿ ಓದುತ್ತದೆ. ಇವಕ್ಕೆ ಕಾರ್ಡು ಬೇಕಿಲ್ಲ. ‘ಲೈಕ್’, ‘ಮೇಕ್’, ‘ಸೀ’ ಇಂಥವಕ್ಕೆ ಒಂದು ನಿಯಮ ಇದೆ, ಆ ನಿಯಮದ ಪಾಠ ಬಂದಾಗ ಅವು ಒಟ್ಟಿಗೆ ಬರುತ್ತವೆ. ಇವೆರಡನ್ನೂ ತೆಗೆದರೆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಭಾಗ ಹೋಗುತ್ತದೆ. ಉಳಿದವೇ ನಿಜವಾದ ಸೊಟ್ಟ ಪದಗಳು. ಅವುಗಳಲ್ಲೂ ಕುಟುಂಬಗಳಿವೆ. ‘ಕಮ್’ ಮತ್ತು ‘ಸಮ್’ ಅಕ್ಕತಂಗಿಯರು. ‘ಕುಡ್’, ‘ವುಡ್’ ಇಬ್ಬರು ಅಣ್ಣತಮ್ಮಂದಿರು, ಇಬ್ಬರಲ್ಲೂ ಓ-ಯು-ಎಲ್-ಡಿ ಇದೆ. ಹೀಗೆ ಕಟ್ಟು ಕಟ್ಟಿದರೆ ಹೊರೆ ಇನ್ನೂ ಕಡಿಮೆಯಾಗುತ್ತದೆ.

ಈಗ ಒಂದು ಕಾರ್ಡು ಮಾಡುವುದನ್ನು ನೋಡೋಣ. ಹಳೆಯ ಲಗ್ನಪತ್ರಿಕೆ ಅಥವಾ ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಬಿಸಾಡುವ ರಟ್ಟಿನ ಪೆಟ್ಟಿಗೆ ಸಾಕು. ಅಂಗೈ ಅಗಲ ಕತ್ತರಿಸಿ. ಎಲ್ಲ ಕಾರ್ಡೂ ಒಂದೇ ಅಳತೆ, ಒಂದೇ ಬಣ್ಣ ಇರಲಿ. ಪುಸ್ತಕದಲ್ಲಿರುವಂಥ ಸಣ್ಣ ಅಕ್ಷರಗಳಲ್ಲಿ, ಕಪ್ಪು ಸ್ಕೆಚ್ ಪೆನ್ನಿನಲ್ಲಿ, ದಪ್ಪಗೆ ಬರೆಯಿರಿ. ಕ್ಯಾಪಿಟಲ್ ಅಕ್ಷರ ಬೇಡ. ಸೊಟ್ಟಗಿರುವ ತುಂಡಿನ ಕೆಳಗೆ ಮಾತ್ರ ಒಂದು ಕೆಂಪು ಗೆರೆ ಎಳೆಯಿರಿ. ಹಿಂಬದಿಯಲ್ಲಿ ಆ ಪದ ಬರುವ ಒಂದು ಪುಟ್ಟ ಇಂಗ್ಲಿಷ್ ವಾಕ್ಯ ಬರೆಯಿರಿ. ಕನ್ನಡದಲ್ಲಿ ಉಚ್ಚಾರಣೆ ಬರೆಯಬೇಡಿ. ಬರೆದರೆ ಮಗುವಿನ ಕಣ್ಣು ಸುಲಭದ ದಾರಿ ಹಿಡಿದು ಅಲ್ಲೇ ನಿಲ್ಲುತ್ತದೆ.

ಕಾರ್ಡು ತೋರಿಸುವ ಮುನ್ನ ಪದ ಕಿವಿಗೆ ಬೀಳಬೇಕು. ಇದು ನಮ್ಮ ಮಕ್ಕಳ ವಿಷಯದಲ್ಲಿ ಬಹಳ ಮುಖ್ಯ. ಇಂಗ್ಲಿಷ್ ಮನೆಮಾತಾಗಿರುವ ಮಗುವಿಗೆ ‘ಸೆಡ್’ ಎಂಬ ಮಾತು ಮೊದಲೇ ಗೊತ್ತು, ಅದಕ್ಕೆ ಬರಹ ಸೇರಿಸಿದರಾಯಿತು. ಮನೆಯಲ್ಲಿ ಕನ್ನಡ, ತೆಲುಗು ಆಡುವ ನಮ್ಮ ಮಗುವಿಗೆ ಗಂಟು ಹಾಕಲು ಆ ಧ್ವನಿಯೇ ಇರುವುದಿಲ್ಲ. ಅದರಲ್ಲೂ ‘ದಿ’ ಎಂಬುದಕ್ಕೆ ಕನ್ನಡದಲ್ಲಿ ಪದವೇ ಇಲ್ಲ. ‘ಟು’ ಎಂಬುದು ನಮ್ಮಲ್ಲಿ ‘ಗೆ’, ‘ಕ್ಕೆ’ ಎಂಬ ಪ್ರತ್ಯಯವಾಗಿ ಪದದ ಬಾಲಕ್ಕೆ ಅಂಟಿಕೊಂಡಿದೆ. ಇವನ್ನು ಒಂಟಿಯಾಗಿ ಕಲಿಸಿದರೆ ಏನೂ ತಿಳಿಯುವುದಿಲ್ಲ. ‘ಗೋ ಟು ದಿ ಡೋರ್’ ಎಂದು ಹೇಳಿ, ಮಗುವನ್ನು ಬಾಗಿಲಿಗೆ ನಡೆಸಿ. ‘ಸೆಡ್’ ಕಲಿಸುವುದಾದರೆ ಒಬ್ಬ ಹುಡುಗಿ ಅಜ್ಜಿಯಾಗಲಿ, ‘ಕಮ್ ಇನ್’ ಎನ್ನಲಿ. ಏನೆಂದಳು ಎಂದು ನೀವು ಕೇಳಿದಾಗ ಎಲ್ಲರೂ ‘ಅಜ್ಜಿ ಸೆಡ್, ಕಮ್ ಇನ್’ ಎನ್ನಲಿ. ಎರಡು ದಿನ ಬರೀ ಬಾಯಿಮಾತು ನಡೆಯಲಿ.

ಮೂರನೆಯ ದಿನ ಹುಣಸೆಬೀಜ ತನ್ನಿ. ‘ಸೆಡ್’ ಎಂಬುದರಲ್ಲಿ ಎಷ್ಟು ಧ್ವನಿ ಕೇಳುತ್ತದೆ ಎಂದು ಕೇಳಿ. ಸ್, ಎ, ಡ್. ಒಂದೊಂದಕ್ಕೆ ಒಂದೊಂದು ಬೀಜದಂತೆ ಮೂರು ಬೀಜ ಇಡಿಸಿ. ಸ್ಲೇಟಿನ ಮೇಲೆ ಮೂರು ಮನೆ ಬರೆಯಿರಿ. ಮೊದಲ ಮನೆಗೆ ಯಾವ ಅಕ್ಷರ ಎಂದರೆ ಮಗುವೇ ಎಸ್ ಎನ್ನುತ್ತದೆ. ಕೊನೆಯದಕ್ಕೆ ಡಿ. ನಡುವಿನ ಮನೆಗೆ ಮಗು ‘ಇ’ ಎನ್ನುತ್ತದೆ. ಅದು ಸರಿಯಾದ ಯೋಚನೆಯೇ ಎಂದು ಹೇಳಿ, ಆಮೇಲೆ ಕಾರ್ಡು ತೋರಿಸಿ. ‘ಇಲ್ಲಿ ಮಾತ್ರ ಇವರು ಎ-ಐ ಬರೆದಿದ್ದಾರೆ, ಇದೇ ಸೊಟ್ಟ ಜಾಗ.’ ದೊಡ್ಡ ಮಕ್ಕಳಾದರೆ ಕಾರಣವನ್ನೂ ಹೇಳಬಹುದು. ‘ಸೇ’ ಎಂಬ ಪದದ ಎಸ್-ಎ ಅದರೊಳಗೆ ಕುಳಿತಿದೆ, ವೈ ಹೋಗಿ ಐ ಬಂದಿದೆ. ಎ-ಐ ಎರಡನ್ನೂ ಒಂದೇ ಮನೆಯಲ್ಲಿ ಬರೆಸಿ, ಕೆಂಪು ಗೆರೆ ಎಳೆಸಿ. ಆಮೇಲೆ ಕಾರ್ಡು ಮುಚ್ಚಿ ‘ಎಸ್, ಎ-ಐ, ಡಿ’ ಎಂದು ಹೇಳುತ್ತ ಬರೆಯಲಿ, ತೆರೆದು ತಾನೇ ಹೋಲಿಸಿಕೊಳ್ಳಲಿ. ಇಷ್ಟಕ್ಕೆ ಐದು ನಿಮಿಷ ಸಾಕು.

ವಾರಕ್ಕೆ ಐದು ಪದಕ್ಕಿಂತ ಹೆಚ್ಚು ಬೇಡ. ದಿನವೂ ಹತ್ತು ಕಾರ್ಡು ಓದಿಸಿದರೆ ಅದರಲ್ಲಿ ಎಂಟು ಗೊತ್ತಿರುವವು, ಎರಡು ಹೊಸವು ಇರಲಿ. ಹೊಸದು ಹೆಚ್ಚಾದರೆ ಮಗು ಊಹೆ ಮಾಡಲು ಶುರು ಮಾಡುತ್ತದೆ. ರೂಪದಲ್ಲಿ ಹತ್ತಿರವಿರುವ ಪದಗಳನ್ನು ಒಂದೇ ವಾರ ಕೊಡಬೇಡಿ. ಡಬ್ಲ್ಯೂ-ಎ-ಎಸ್ ‘ವಾಸ್’, ಅದನ್ನೇ ತಿರುಗಿಸಿದರೆ ಎಸ್-ಎ-ಡಬ್ಲ್ಯೂ ‘ಸಾ’. ಒಂದು ಗಟ್ಟಿಯಾದ ಮೇಲೆ ಇನ್ನೊಂದು ಬರಲಿ. ಮೂರು ದಿನ ಸತತವಾಗಿ, ಎಣಿಸದೆ ತಡವರಿಸದೆ ಓದಿದ ಪದವನ್ನು ಬೇರೆ ಕಟ್ಟಿಗೆ ಸೇರಿಸಿ. ಅಷ್ಟು ಹೊತ್ತಿಗೆ ಕೆಂಪು ಗೆರೆ ಇಲ್ಲದ ಇನ್ನೊಂದು ಕಾರ್ಡು ಬರೆದಿಡಿ. ಇಲ್ಲವಾದರೆ ಮಗು ಪದವನ್ನಲ್ಲ, ಗೆರೆಯನ್ನು ಗುರುತು ಹಿಡಿಯುತ್ತದೆ. ವಾರ ಬಿಟ್ಟು ಆ ಕಟ್ಟನ್ನು ಮತ್ತೆ ಓದಿಸಿ. ಮರೆತದ್ದು ಹಳೆಯ ಕಟ್ಟಿಗೆ ವಾಪಸು.

ಇನ್ನು ಆಟಗಳ ವಿಷಯ. ಆಟವೆಂದರೆ ಮಕ್ಕಳಿಗೆ ಖುಷಿ, ನಿಜ. ಆದರೆ ಆಟದಲ್ಲಿ ಪದ ಓದದೆ ಗೆಲ್ಲುವ ದಾರಿ ಇದ್ದರೆ ಮಕ್ಕಳು ಅದನ್ನು ಖಂಡಿತ ಕಂಡುಹಿಡಿಯುತ್ತಾರೆ. ಆಟ ಆರಿಸುವಾಗ ನಾನು ನೋಡುವುದು ಇದೊಂದನ್ನೇ.

ನಮ್ಮ ಚೌಕಾಬಾರವನ್ನು ತೆಗೆದುಕೊಳ್ಳಿ. ಐದೈದರ ಮನೆ, ಒಟ್ಟು ಇಪ್ಪತ್ತೈದು ಮನೆ. ನಾಲ್ಕು ಬದಿಯ ಕಟ್ಟೆಮನೆ ಮತ್ತು ನಡುವಿನ ಹಣ್ಣಿನ ಮನೆ ಬಿಟ್ಟರೆ ಇಪ್ಪತ್ತು ಉಳಿಯುತ್ತವೆ. ವಾರದ ಐದು ಪದಗಳನ್ನು ನಾಲ್ಕು ನಾಲ್ಕು ಚೀಟಿಯಲ್ಲಿ ಬರೆದರೆ ಸರಿಯಾಗಿ ಇಪ್ಪತ್ತು. ಕವಡೆ ಹಾಕಿ ಕಾಯಿ ನಡೆಸಿದ ಮಗು, ಕಾಯಿ ನಿಂತ ಮನೆಯ ಪದವನ್ನು ಓದಬೇಕು. ತಪ್ಪಿದರೆ ಕಾಯಿ ಹಿಂದಿನ ಮನೆಗೆ. ಇದರ ಸೊಗಸು ಏನೆಂದರೆ ಎದುರಾಳಿಯ ಕಣ್ಣೂ ಆ ಪದದ ಮೇಲೇ ಇರುತ್ತದೆ, ತಪ್ಪಿದರೆ ಅವನಿಗೆ ಲಾಭ. ಹೀಗೆ ಒಂದು ಪದವನ್ನು ಎರಡು ಮಕ್ಕಳು ಓದುತ್ತಾರೆ. ಒಂದು ಆಟ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಇಪ್ಪತ್ತು ಸಲವಾದರೂ ಓದಿರುತ್ತದೆ. ಪದ ಗೊತ್ತಿರುವ ಒಬ್ಬರು ಪಕ್ಕದಲ್ಲಿ ಕುಳಿತಿರಬೇಕು, ಇಲ್ಲದಿದ್ದರೆ ಇಬ್ಬರೂ ಸೇರಿ ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತಾರೆ. ಮನೆಯ ಮೇಲೆ ನೇರವಾಗಿ ಬರೆಯದೆ ಚೀಟಿ ಇಡುವುದಕ್ಕೆ ಕಾರಣವಿದೆ. ಪ್ರತಿ ಆಟಕ್ಕೂ ಚೀಟಿ ಕಲಸಿಡಬೇಕು. ಕಲಸದಿದ್ದರೆ ‘ಮೂಲೆಯ ಮನೆ ಸೆಡ್’ ಎಂದು ಜಾಗವೇ ಬಾಯಿಪಾಠವಾಗುತ್ತದೆ.

ಕುಂಟೆಬಿಲ್ಲೆಯಲ್ಲೂ ಇದೇ ತೊಂದರೆ. ಸೀಮೆಸುಣ್ಣದಲ್ಲಿ ಎಂಟು ಮನೆಗೆ ಎಂಟು ಪದ ಬರೆದರೆ ಎರಡನೇ ದಿನಕ್ಕೆ ಮಕ್ಕಳು ಕಣ್ಣು ಮುಚ್ಚಿ ಹೇಳುತ್ತಾರೆ. ದಿನವೂ ಅಳಿಸಿ ಬೇರೆ ಜಾಗದಲ್ಲಿ ಬರೆಯಬೇಕು. ತಂಬೋಲದಂಥ ಆಟದಲ್ಲಿ ಒಂಬತ್ತು ಮನೆಯ ಚೌಕ ಬರೆದು, ಹಲಗೆಯ ಮೇಲಿನ ಪದಗಳನ್ನು ಮಕ್ಕಳು ತಮಗೆ ಬೇಕಾದ ಮನೆಯಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿ ಓದುವ ಕೆಲಸ ಹೆಚ್ಚಾಗಿ ಕೂಗುವವರದು. ಅದಕ್ಕೇ ಕೂಗುವ ಕೆಲಸವನ್ನು ಸರದಿಯ ಮೇಲೆ ಮಕ್ಕಳಿಗೇ ಕೊಡಬೇಕು.

ಒಬ್ಬ ಹುಡುಗಿಯ ಉದಾಹರಣೆ ಕೊಡುತ್ತೇನೆ. ಎಂಟನೇ ತರಗತಿಗೆ ಸೇರಲಿದ್ದವಳು, ಬೇಸಿಗೆ ರಜೆಯಲ್ಲಿ ನನ್ನ ಬಳಿ ಬರುತ್ತಿದ್ದಳು. ಮೊದಲ ದಿನ ಹನ್ನೆರಡು ಕಾರ್ಡು ಇಟ್ಟೆ. ‘ದಿ’, ‘ಈಸ್’, ‘ಯು’, ‘ಟು’, ‘ಮೈ’ ಓದಿದಳು. ಉಳಿದ ಏಳರಲ್ಲಿ ‘ಸೆಡ್’ ಅನ್ನು ‘ಸೈಡ್’ ಎಂದಳು, ‘ಒನ್’ ಅನ್ನು ‘ಓನೆ’ ಎಂದಳು, ‘ಕಮ್’ ಅನ್ನು ‘ಕೋಮೆ’ ಎಂದಳು. ‘ವಾಸ್’, ‘ವೇರ್’, ‘ದೇ’, ‘ಹ್ಯಾವ್’ ಬಂದಾಗ ಸುಮ್ಮನಾದಳು. ತಪ್ಪು ಓದಿದ್ದೂ ಸುಮ್ಮನಾದದ್ದೂ ಬೇರೆ ಬೇರೆ. ತಪ್ಪು ಓದಿದಾಗ ಅವಳು ಅಕ್ಷರ ನೋಡುತ್ತಿದ್ದಾಳೆ ಎಂದು ತಿಳಿಯಿತು, ಆದ್ದರಿಂದ ಆ ಮೂರನ್ನೇ ಮೊದಲ ವಾರ ತೆಗೆದುಕೊಂಡೆ. ಜೊತೆಗೆ ‘ಕಮ್’ನ ತಂಗಿ ‘ಸಮ್’. ‘ಒನ್’ ಪದ ಬಂದಾಗ ‘ಓನ್ಲಿ’, ‘ಅಲೋನ್’ ಪದಗಳನ್ನು ಪಕ್ಕದಲ್ಲಿ ಬರೆದೆ. ಮೂರೂ ‘ಒಂದು’ ಎಂಬುದರಿಂದಲೇ ಬಂದವು. ‘ಹಾಗಾದ್ರೆ ಮೊದಲು ಅದನ್ನೂ ಓನ್ ಅಂತಲೇ ಅಂತಿದ್ರಾ ಮಿಸ್?’ ಎಂದಳು. ಹೌದು, ಹೆಚ್ಚುಕಡಿಮೆ ಹಾಗೇ. ಆ ಪದವನ್ನು ಅವಳು ಮತ್ತೆ ಮರೆಯಲಿಲ್ಲ.

ಎರಡನೇ ವಾರ ‘ವಾಸ್’, ‘ಹ್ಯಾವ್’, ‘ದೇ’. ಮೂರನೇ ವಾರ ‘ವೇರ್’. ಮನೆಯಲ್ಲಿ ತಮ್ಮನ ಜೊತೆ ಚೌಕಾಬಾರ. ಮೂರು ವಾರದ ಕೊನೆಗೆ ಹನ್ನೆರಡೂ ಕಾರ್ಡನ್ನು ಸರಾಗವಾಗಿ ಓದಿದಳು. ಆದರೆ ಕಾರ್ಡು ಓದಿದ್ದು ನನಗೆ ಸಾಕಾಗಲಿಲ್ಲ. ಹಳೆಯ ಪಠ್ಯಪುಸ್ತಕದ, ಅವಳು ನೋಡದ ಒಂದು ಪುಟ ಕೊಟ್ಟೆ. ಅಲ್ಲಿ ‘ವಾಸ್’ ಬಂದಾಗ ಎರಡು ಸಲ ‘ಸಾ’ ಎಂದಳು. ಕಾರ್ಡಿನಲ್ಲಿ ಬರುವ ಪದ ಸಾಲಿನ ನಡುವೆ ಜಾರುವುದು ಸಾಮಾನ್ಯ. ಆದ್ದರಿಂದ ನಾಲ್ಕನೇ ವಾರ ಹೊಸ ಪದ ಕೊಡದೆ, ಕಾರ್ಡುಗಳನ್ನು ನೆಲದ ಮೇಲೆ ಜೋಡಿಸಿ ವಾಕ್ಯ ಕಟ್ಟುವುದು, ಕಟ್ಟಿದ್ದನ್ನು ಓದುವುದು, ಇಷ್ಟನ್ನೇ ಮಾಡಿಸಿದೆ. ಆಮೇಲೆ ಅದೇ ಪುಟವನ್ನು ಪೆನ್ಸಿಲಿನ ಕನ್ನಡವಿಲ್ಲದೆ ಓದಿದಳು. ಓದಿದ್ದೆಲ್ಲ ಅರ್ಥವಾಯಿತೆ ಎಂದರೆ, ಇಲ್ಲ. ಕಾರ್ಡಿನಿಂದ ಪದಸಂಪತ್ತು ಬರುವುದಿಲ್ಲ, ಅದಕ್ಕೆ ಕತೆ, ಮಾತು, ಪುಸ್ತಕ ಬೇಕು. ಆದರೆ ಪ್ರತಿ ಸಾಲಿನಲ್ಲೂ ನಾಲ್ಕು ಕಡೆ ಎಡವುವ ಮಗುವಿಗೆ ಅರ್ಥದ ಕಡೆ ಗಮನ ಕೊಡಲು ಪುರಸೊತ್ತೇ ಇರುವುದಿಲ್ಲ. ಆ ಎಡವು ತಪ್ಪಿತು.

ಒಂದು ಎಚ್ಚರಿಕೆ. ಹೀಗೆ ಎರಡು ಮೂರು ತಿಂಗಳು ಕ್ರಮವಾಗಿ ಮಾಡಿದರೂ ಬೀಜವಿಟ್ಟು ಧ್ವನಿ ಬಿಡಿಸಲು ಆಗದ, ನಿನ್ನೆ ಓದಿದ್ದನ್ನು ಇಂದು ಮೊದಲ ಸಲ ಕಂಡಂತೆ ನೋಡುವ, ಕನ್ನಡದ ಒತ್ತಕ್ಷರಗಳಲ್ಲೂ ಹಾಗೆಯೇ ತಡವರಿಸುವ ಮಗುವಿದ್ದರೆ ಸೋಮಾರಿ ಎಂದು ಬೈಯಬೇಡಿ. ಮೊದಲು ಕಣ್ಣು, ಕಿವಿ ತೋರಿಸಿ. ಅವು ಸರಿಯಿದ್ದರೆ ಕಲಿಕೆಯ ತೊಂದರೆ ಇದೆಯೇ ಎಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡುತ್ತಾರೆ. ಹೊಸಕೋಟೆಯಿಂದ ಅದೇನೂ ದೂರವಲ್ಲ.

ಕೊನೆಯದಾಗಿ ತಂದೆತಾಯಂದಿರಿಗೆ ಒಂದು ಮಾತು. ‘ನಮಗೆ ಇಂಗ್ಲಿಷ್ ಬರಲ್ಲ ಮಿಸ್, ನಾವೇನ್ ಹೇಳ್ಕೊಡೋಣ’ ಎನ್ನುತ್ತೀರಿ. ಚೌಕಾಬಾರ ನಿಮಗೆ ನಮಗಿಂತ ಚೆನ್ನಾಗಿ ಬರುತ್ತದೆ. ಈ ಶಾಲೆಯಲ್ಲಿ ಓದುವ ದೊಡ್ಡ ಮಕ್ಕಳಲ್ಲಿ ಒಬ್ಬರನ್ನು ಪದ ನೋಡಲು ಕೂರಿಸಿಕೊಳ್ಳಿ, ರಾತ್ರಿ ಊಟವಾದ ಮೇಲೆ ಹಜಾರದಲ್ಲಿ ಮನೆ ಬರೆಯಿರಿ. ಚೀಟಿ ಕಲಸುವುದನ್ನು ಮಾತ್ರ ಮರೆಯಬೇಡಿ. ಇಲ್ಲಿಗೆ ಬಂದಿರುವ ಪ್ರಾಥಮಿಕ ಶಾಲೆಗಳ ಶಿಕ್ಷಕರಿಗಾಗಿ ಹಸನು ಮಾಡಿದ ಸೊಟ್ಟ ಪದಗಳ ಪಟ್ಟಿಯನ್ನೂ ಕಾರ್ಡುಗಳ ಒಂದು ಮಾದರಿ ಕಟ್ಟನ್ನೂ ಶಾಲೆಯ ಗ್ರಂಥಾಲಯದಲ್ಲಿ ಇಟ್ಟಿದ್ದೇನೆ. ನೋಡಿ, ನಕಲು ಮಾಡಿಕೊಳ್ಳಿ, ನಿಮ್ಮ ಮಕ್ಕಳು ಬೇರೆ ಪದಗಳಲ್ಲಿ ಎಡವಿದರೆ ಪಟ್ಟಿಗೆ ಸೇರಿಸಿ.